ವಾರ್ಡ್ ನರ್ಸ್‌ನಿಂದ ರಿಸರ್ಚ್ ಕೋಆರ್ಡಿನೇಟರ್: ನನ್ನ ರೆಸ್ಯೂಮೆ ಬದಲಾದ ಬಗೆ

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ವಾರ್ಡ್‌ನ ಸ್ಟಾಫ್ ನರ್ಸ್ ಆಗಿದ್ದೆ. ಈಗ ಹೊಸ ಔಷಧ, ಚಿಕಿತ್ಸೆಗಳನ್ನು ಜನರಲ್ಲಿ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಕೋಆರ್ಡಿನೇಟರ್. ಹಳೇ ರೆಸ್ಯೂಮೆಯಲ್ಲಿ 'ರೋಗಿಗಳ ಆರೈಕೆ, ಕೀಮೋ ಕೊಡುವುದು, ರೌಂಡ್ಸ್‌ನಲ್ಲಿ ಸಹಾಯ' ಅಂತಿತ್ತು. ಸುಳ್ಳೇನಲ್ಲ, ಆದರೆ ಯಾವ ನರ್ಸ್ ಬೇಕಾದರೂ ಹಾಗೇ ಬರೆಯಬಹುದು ಅಲ್ವಾ? ಟ್ರಯಲ್ ನಡೆಸುವವರು ನೋಡುವುದು ಬೇರೆ: ಇವರು ಬರೆದ ದಾಖಲೆ ನಂಬಬಹುದಾ, ಏನಾದರೂ ಆದರೆ ಹೊತ್ತಿಗೆ ಸರಿಯಾಗಿ ತಿಳಿಸುತ್ತಾರಾ.

ಹಾಗಾಗಿ 'ಕೀಮೋ ಕೊಡುವುದು' ಅನ್ನುವ ಸಾಲನ್ನೇ ಬಿಡಿಸಿ ಬರೆದೆ. ಪ್ಯಾಕ್ಲಿಟಾಕ್ಸೆಲ್ ಅನ್ನುವ ಕೀಮೋ ಔಷಧ ಹೋಗುತ್ತಿರುವಾಗ ಕೆಲವರಿಗೆ ಮುಖ ಕೆಂಪಾಗಿ ಉಸಿರು ಕಟ್ಟುತ್ತದೆ. ಆಗ ಡ್ರಿಪ್ ನಿಲ್ಲಿಸುತ್ತೇವೆ, ಡಾಕ್ಟರನ್ನು ಕರೆಯುತ್ತೇವೆ, ಬಿಪಿ, ಸ್ಯಾಚುರೇಶನ್ ನೋಡುತ್ತಲೇ ಇರುತ್ತೇವೆ. ಆಮೇಲೆ ಎಡಿಆರ್ ಫಾರ್ಮ್, ಅಂದರೆ ಔಷಧದಿಂದಾದ ತೊಂದರೆ ತಿಳಿಸುವ ಫಾರ್ಮ್, ತುಂಬುತ್ತೇವೆ. ಶುರುವಾದದ್ದು ಯಾವಾಗ, ವಯಲ್ ಮೇಲಿನ ಬ್ಯಾಚ್ ನಂಬರ್ ಎಷ್ಟು, ಔಷಧ ನಿಲ್ಲಿಸಿದ ಮೇಲೆ ಕಡಿಮೆಯಾಯಿತಾ, ಎಷ್ಟು ಗಂಭೀರ, ಕೊನೆಗೆ ಏನಾಯಿತು. ಟ್ರಯಲ್‌ನಲ್ಲಿ ಗಂಭೀರ ತೊಂದರೆಯ ವರದಿಯೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತದೆ. ವ್ಯತ್ಯಾಸ ಗಡುವಿನದು. ಭಾರತದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್ ನಡೆಸುವ ಡಾಕ್ಟರ್ 24 ಗಂಟೆಯೊಳಗೆ ಅದನ್ನು ತಿಳಿಸಬೇಕು, ಅದಕ್ಕೆ ಬೇಕಾದ ಕಾಗದ ಜೋಡಿಸುವ ಓಡಾಟ ಕೋಆರ್ಡಿನೇಟರ್‌ದು.

ಹೊಸ ಸಾಲು ಹೀಗಾಯಿತು: 'ಕೀಮೋ ರಿಯಾಕ್ಷನ್ ಗುರುತಿಸಿ, ಸಮಯದ ಸಮೇತ ದಾಖಲಿಸಿ, ಅದೇ ಶಿಫ್ಟ್‌ನಲ್ಲಿ ಎಡಿಆರ್ ಫಾರ್ಮ್ ತುಂಬಿ ಕೊಟ್ಟ ಅನುಭವ.'

ದಾಖಲೆಯ ಸಾಲಿಗೂ ಇದೇ ರೀತಿ. ವಾರ್ಡ್‌ನಲ್ಲಿ ತಪ್ಪು ಬರೆದರೆ ವೈಟ್ನರ್ ಹಚ್ಚುವ ಹಾಗಿಲ್ಲ. ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಖು ಹಾಕುತ್ತೇವೆ. ಟ್ರಯಲ್ ಫೈಲ್ ತಪಾಸಣೆಗೆ ಬರುವ ಮಾನಿಟರ್ ಹುಡುಕುವುದೂ ಇದನ್ನೇ. 'ಉತ್ತಮ ಡಾಕ್ಯುಮೆಂಟೇಶನ್ ಕೌಶಲ' ಅಂತ ಸುಮ್ನೆ ಬರೆಯುವ ಬದಲು ಈ ಅಭ್ಯಾಸವನ್ನೇ ಬರೆದೆ.

ಒಪ್ಪಿಗೆ ಪತ್ರದ ವಿಷಯದಲ್ಲಿ ಮಾತ್ರ ಹುಷಾರಾಗಿದ್ದೆ. ಆಪರೇಶನ್ ಒಪ್ಪಿಗೆಗೆ ಸಾಕ್ಷಿ ಸಹಿ ಹಾಕುವುದೂ, 'ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ನಿಮ್ಮ ಚಿಕಿತ್ಸೆಗೆ ತೊಂದರೆಯಿಲ್ಲ' ಅಂತ ಟ್ರಯಲ್ ವಿವರಿಸಿ ಸಹಿ ಪಡೆಯುವುದೂ ಒಂದೇ ಅಲ್ಲ. ಎರಡನ್ನೂ ಕಲಸಿ ಬರೆದರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. 'ರೋಗಿಗೂ ಮನೆಯವರಿಗೂ ಕನ್ನಡ, ತಮಿಳಿನಲ್ಲಿ ಚಿಕಿತ್ಸೆ ವಿವರಿಸಿದ್ದೇನೆ' ಅಂದಷ್ಟೇ ಬರೆದೆ. ಟ್ರಯಲ್ ಅನುಭವ ಇಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. ಟ್ರಯಲ್ ಸರಿಯಾಗಿ ನಡೆಸುವ ಕ್ರಮ ಹೇಳಿಕೊಡುವ ಜಿಸಿಪಿ ತರಬೇತಿ ಮುಗಿಸಿ, ಆ ಸರ್ಟಿಫಿಕೇಟನ್ನು ಹೆಸರಿನ ಕೆಳಗೇ ಹಾಕಿದೆ.

ಇಂಟರ್‌ವ್ಯೂನಲ್ಲಿ ಜಾಸ್ತಿ ಹೊತ್ತು ಮಾತಾಡಿದ್ದು ರಿಯಾಕ್ಷನ್ ಸಾಲಿನ ಬಗ್ಗೆಯೇ. 'ಮೊದಲು ಯಾರಿಗೆ ಹೇಳಿದ್ರಿ? ಬರೆದದ್ದು ಯಾವಾಗ?' ಅಂತ ಕೇಳಿದರು. ರೋಗಿಯ ಹೆಸರಾಗಲಿ ಆಸ್ಪತ್ರೆಯ ಒಳರೋಗಿ ನಂಬರಾಗಲಿ ಬಾರದ ಹಾಗೆ, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದೆ.