ಮೊದಲ ನಾಯಿ, ಮೊದಲ ಚೀಲ: ಆಹಾರದ ಬ್ರ್ಯಾಂಡ್ ಕಟ್ಟುವುದು ಹೇಗೆ?

ನಗರದಲ್ಲಿ ಮೊದಲ ಸಲ ನಾಯಿ ಸಾಕುವವರಿಗೆಂದೇ ‘ಮೊದಲ ಬಟ್ಟಲು’ ಎಂಬ ಒಣ ಆಹಾರ ತರುತ್ತಿದ್ದೀರಿ ಎಂದುಕೊಳ್ಳಿ. ಜಾಹೀರಾತಿಗೆ ಕೈಹಾಕುವ ಮುನ್ನ ಚೀಲ ಒಡೆದ ಮೊದಲ ವಾರ ಮನೆಯಲ್ಲಿ ಏನಾಗುತ್ತದೆ ಎಂದು ಯೋಚಿಸಿ. ಹಳೆಯ ಆಹಾರ ಒಮ್ಮೆಲೇ ನಿಲ್ಲುತ್ತದೆ, ಬಟ್ಟಲ ತುಂಬ ಹೊಸದು ಬೀಳುತ್ತದೆ, ಎರಡು ಮೂರು ದಿನಗಳಲ್ಲಿ ನಾಯಿಗೆ ಭೇದಿ. ‘ಈ ಆಹಾರ ಸರಿಯಿಲ್ಲ’ ಎಂದು ಮಾಲೀಕರು ಬೇರೆ ಚೀಲ ಹುಡುಕುತ್ತಾರೆ.

ಹಾಗಾಗಿ ಮೊದಲ ಹೆಜ್ಜೆ, ಭರವಸೆಯನ್ನು ಆರಿಸುವುದು. ಹೊಸಬರನ್ನು ಕಾಡುವುದು ಎರಡೇ ಪ್ರಶ್ನೆ: ಎಷ್ಟು ಹಾಕಬೇಕು, ಹೊಟ್ಟೆ ಕೆಡದಂತೆ ಹೇಗೆ ಬದಲಿಸಬೇಕು? ಬ್ರ್ಯಾಂಡ್ ಇವೆರಡಕ್ಕೆ ಉತ್ತರ ಕೊಟ್ಟರೆ ಸಾಕು. ಚೀಲದ ಮುಂಭಾಗದಲ್ಲಿ ಮಾಂಸದ ಚಿತ್ರಕ್ಕಿಂತ ಈ ಉತ್ತರವೇ ದೊಡ್ಡದಾಗಿ ಕಾಣಲಿ.

ಎರಡನೆಯದು, ಆ ಭರವಸೆಯನ್ನು ಪ್ಯಾಕಿಂಗ್‌ನಲ್ಲೇ ನಡೆಸಿಕೊಡುವುದು. ಸಂತಾನಹರಣ ಚಿಕಿತ್ಸೆಯಾದ 10 ಕೆ.ಜಿ.ಯ ವಯಸ್ಕ ನಾಯಿಯನ್ನು ತೆಗೆದುಕೊಳ್ಳೋಣ. ಪಶುವೈದ್ಯರು ಬಳಸುವ ಸೂತ್ರದಂತೆ ಅದಕ್ಕೆ ದಿನಕ್ಕೆ ಸುಮಾರು 630 ಕಿಲೋಕ್ಯಾಲರಿ ಬೇಕು. ಹತ್ತನೇ ಒಂದು ಭಾಗ ಬಿಸ್ಕತ್ತು, ತಿಂಡಿಗೆ ಹೋದರೆ ಉಳಿಯುವುದು ಸುಮಾರು 567. ನಿಮ್ಮ ಆಹಾರದ 100 ಗ್ರಾಂನಲ್ಲಿ 350 ಕಿಲೋಕ್ಯಾಲರಿ ಇದ್ದರೆ ದಿನಕ್ಕೆ ಸುಮಾರು 160 ಗ್ರಾಂ. ಮೊದಲ ಎರಡು ದಿನ ಹೊಸದು ಕಾಲು ಭಾಗ, ಅಂದರೆ 40 ಗ್ರಾಂ. ಮುಂದಿನ ಎರಡು ದಿನ 80. ಆಮೇಲೆರಡು ದಿನ 120. ಏಳನೇ ದಿನ ಪೂರ್ತಿ 160. ಉಳಿದ ಪಾಲು ಹಳೆಯ ಆಹಾರದ್ದು. ಏಳು ದಿನಕ್ಕೆ ಹೊಸ ಆಹಾರ ಒಟ್ಟು 640 ಗ್ರಾಂ. ಇದನ್ನು ದಿನದ ಸಂಖ್ಯೆ ಮುದ್ರಿಸಿದ ಪುಟ್ಟ ಪೊಟ್ಟಣಗಳಲ್ಲಿ ಕೊಡಿ. ನಾಯಿಯ ತೂಕಕ್ಕೆ ತಕ್ಕಂತೆ ಮೂರು ನಾಲ್ಕು ಬಗೆಯ ಪೆಟ್ಟಿಗೆ ಸಾಕು. ಕಪ್ಪಿನ ಅಳತೆ ಮಾತ್ರ ಬೇಡ. ಕೈಯಿಂದ ಕೈಗೆ ಅದು ಬದಲಾಗುತ್ತದೆ, ಸಣ್ಣ ನಾಯಿಗಳು ಬೇಗ ದಪ್ಪಗಾಗುತ್ತವೆ.

ಸೂತ್ರ ಕೊಡುವುದು ಆರಂಭದ ಅಂದಾಜು ಮಾತ್ರ ಎಂಬುದನ್ನೂ ಬರೆಯಿರಿ. ಪಕ್ಕೆಲುಬು ಕೈಗೆ ಸುಲಭವಾಗಿ ತಾಗಬೇಕು. ಒತ್ತಿ ಹುಡುಕಬೇಕಾದರೆ ಪ್ರಮಾಣ ಇಳಿಸಬೇಕು. ಮರಿಗಳ ಲೆಕ್ಕವೇ ಬೇರೆ, ಅವುಗಳಿಗೆ ಈ ಪೆಟ್ಟಿಗೆ ಮಾರಬೇಡಿ. ಪದೇ ಪದೇ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಪಶುವೈದ್ಯರ ಬಳಿ ಹೋಗಿ ಎಂದು ಪೆಟ್ಟಿಗೆಯ ಮೇಲೇ ಇರಲಿ. ಇದರಿಂದ ಮಾರಾಟ ಕುಗ್ಗುತ್ತದೆಂಬ ಭಯ ನನಗಿಲ್ಲ. ಗಾಬರಿಯಾದವರಿಗೆ ದಾರಿ ತೋರುವ ಚೀಲವನ್ನೇ ಜನ ನಂಬುತ್ತಾರೆ.

ಮೂರನೆಯದು, ನೆನಪಿಸುವ ಹೊತ್ತು. ಎಂಟನೇ ದಿನ ಮನೆಯಲ್ಲಿ ಹೊಸ ಆಹಾರ ಇರಲೇಬೇಕು, ಹಾಗಾಗಿ ಐದನೇ ದಿನವೇ ಸಂದೇಶ ಹೋಗಲಿ. 2 ಕೆ.ಜಿ. ಚೀಲ ಈ ನಾಯಿಗೆ ಸುಮಾರು 12 ದಿನ ಬರುತ್ತದೆ. ಮುಂದಿನ ಸಂದೇಶ ಅದಕ್ಕೆ ತಕ್ಕಂತೆ.

ಕೊನೆಗೆ, ಅಳೆಯಬೇಕಾದದ್ದು ಮೊದಲ ಪೆಟ್ಟಿಗೆ ಕೊಂಡವರಲ್ಲಿ ಎಷ್ಟು ಮಂದಿ ದೊಡ್ಡ ಚೀಲ ಕೊಂಡರು ಎಂಬುದನ್ನು. ದೂರುಗಳನ್ನು ದಿನವಾರು ಬರೆದಿಡಿ. ಎರಡನೇ, ಮೂರನೇ ದಿನವೇ ಹೆಚ್ಚು ಬರುತ್ತಿದ್ದರೆ ಜನ ಪೊಟ್ಟಣದ ಕ್ರಮ ಬಿಟ್ಟು ಹಾಕುತ್ತಿರಬಹುದು, ಮುದ್ರಿತ ಸೂಚನೆಯನ್ನು ತಿದ್ದಿ. ಪೂರ್ತಿ ಹೊಸ ಆಹಾರಕ್ಕೆ ಬಂದ ಮೇಲೂ ವಾರಗಟ್ಟಲೆ ಭೇದಿಯ ದೂರು ನಿಲ್ಲದಿದ್ದರೆ ಆಹಾರದ ಮಿಶ್ರಣವನ್ನೇ ಪರೀಕ್ಷೆಗೆ ಕಳಿಸಿ.