ಮಳೆಗೆ ಮುಂಚೆ ಕ್ರೀಮು, ಮಳೆಯಲ್ಲಿ ಮೇಣ: ಮಲೆನಾಡಿನಲ್ಲಿ ಚರ್ಮದ ಶೂ, ಬ್ಯಾಗು ಕಾಪಾಡುವ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಚರ್ಮದ ಸಾಮಾನು ಮಳೆಯಲ್ಲಿ ನೆನೆದು ಕೆಡುವುದಕ್ಕಿಂತ ಮನೆಯೊಳಗೆ ಇಟ್ಟಲ್ಲೇ ಕೆಡುವುದು ಹೆಚ್ಚು. ಗಾಳಿಯ ತೇವ ನೂರಕ್ಕೆ 70 ದಾಟಿ ಕೆಲವು ದಿನ ಹಾಗೇ ನಿಂತರೆ ಬೂಷ್ಟು ಹಿಡಿಯಲು ಸಾಕು. ಆರಿದ್ರೆ ಮಳೆ ಹಿಡಿದ ಮೇಲೆ ಆಶ್ಲೇಷ ಮುಗಿಯುವವರೆಗೂ ನಮ್ಮ ಕಡೆ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಬೂಷ್ಟಿಗೆ ಬೇಕಾದ ಆಹಾರವೂ ಚರ್ಮದಲ್ಲೇ ಇರುತ್ತದೆ. ಹದ ಮಾಡುವಾಗ ಸೇರಿಸಿದ ಕೊಬ್ಬು, ಕೈಯ ಬೆವರು, ಧೂಳು, ಅದರ ಮೇಲೆ ನಾವು ಹಚ್ಚಿದ ಎಣ್ಣೆ, ಎಲ್ಲವನ್ನೂ ಅದು ತಿನ್ನುತ್ತದೆ. ಹಾಗಾಗಿ ಏನು ಹಚ್ಚಬೇಕು ಎಂಬುದರಷ್ಟೇ ಯಾವಾಗ ಹಚ್ಚಬೇಕು ಎಂಬುದೂ ಇಲ್ಲಿ ಮುಖ್ಯ.

ಅಂಗಡಿಯಲ್ಲಿ ಸಿಗುವ ಚಪ್ಪಟೆ ಡಬ್ಬಿಯ ಪಾಲಿಶ್ ಮುಖ್ಯವಾಗಿ ಮೇಣ. ಅದು ಚರ್ಮದ ಮೇಲ್ಮೈಯಲ್ಲಿ ಕೂತು ಹೊಳಪು ಕೊಡುತ್ತದೆ, ತುಂತುರನ್ನು ಒಳಗೆ ಬಿಡದೆ ಜಾರಿಸುತ್ತದೆ. ಆದರೆ ಒಣಗಿ ಬಿರುಸಾದ ಚರ್ಮವನ್ನು ಮೆತ್ತಗೆ ಮಾಡುವುದು ಅದರಿಂದ ಆಗುವುದಿಲ್ಲ. ಆ ಕೆಲಸ ಕ್ರೀಮಿನದು. ಕ್ರೀಮಿನಲ್ಲಿ ಮೇಣದ ಜೊತೆ ಎಣ್ಣೆ, ನೀರು ಕಲೆತಿರುತ್ತವೆ, ಅದು ಒಳಗೆ ಇಳಿಯುತ್ತದೆ, ಬಣ್ಣದ ಕ್ರೀಮಾದರೆ ಮಾಸಿದ ಕಡೆ ಬಣ್ಣವನ್ನೂ ತುಂಬುತ್ತದೆ. ಹೀಗೆ ಒಳಗಿಳಿಯುವ ಗುಣವೇ ಮಳೆಗಾಲದಲ್ಲಿ ತೊಂದರೆ ಮಾಡುತ್ತದೆ. ಜುಲೈ ತಿಂಗಳಲ್ಲಿ ಧಾರಾಳವಾಗಿ ಕ್ರೀಮು ಹಚ್ಚಿ ಬೀರುವಿನಲ್ಲಿಟ್ಟರೆ ಬೂಷ್ಟಿಗೆ ಊಟ ಬಡಿಸಿದಂತೆಯೇ. ತೆಂಗಿನ ಎಣ್ಣೆ ಸವರುವ ರೂಢಿಯಂತೂ ಬಿಟ್ಟೇಬಿಡಿ. ಚರ್ಮ ಕಪ್ಪಾಗುತ್ತದೆ, ಹೊಲಿಗೆ ಜಿಡ್ಡು ಹಿಡಿಯುತ್ತದೆ, ಮೊದಲು ಬೂಷ್ಟು ಬರುವುದೂ ಅಲ್ಲೇ.

ಆದ್ದರಿಂದ ಕ್ರೀಮಿನ ಕೆಲಸವನ್ನು ಮೇ ತಿಂಗಳಲ್ಲಿ, ರೋಹಿಣಿ ಮಳೆಗೆ ಮೊದಲು, ಬಿಸಿಲು ಇರುವಾಗಲೇ ಮುಗಿಸಿಕೊಳ್ಳಬೇಕು. ಒಂದು ಶೂಗೆ ಬಟಾಣಿ ಕಾಳಿನಷ್ಟು ಕ್ರೀಮು ಸಾಕು. ಹಳೆಯ ಬನಿಯನ್ ಬಟ್ಟೆಯಲ್ಲಿ ತೆಳುವಾಗಿ ತಿಕ್ಕಿ, ಹತ್ತು ನಿಮಿಷ ಬಿಟ್ಟು ಬ್ರಶ್ ಹಾಕಿ, ರಾತ್ರಿಯಿಡೀ ಗಾಳಿಗೆ ಇಡಿ. ಬೆಳಿಗ್ಗೆ ಬೆರಳಿಟ್ಟರೆ ಅಂಟಬಾರದು. ಅಂಟಿದರೆ ಹೆಚ್ಚಾಗಿದೆ ಎಂದೇ ಅರ್ಥ, ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಆಮೇಲೆ ದೀಪಾವಳಿಯ ತನಕ ಕ್ರೀಮು ಬೇಡ. ಮಳೆಗಾಲವಿಡೀ ವಾರಕ್ಕೊಮ್ಮೆ ತೆಳುವಾದ ಮೇಣದ ಪಾಲಿಶ್ ಸಾಕು. ಮುಂಗಾಲು, ಹಿಮ್ಮಡಿ ಮತ್ತು ಅಟ್ಟೆ ಸೇರುವ ಹೊಲಿಗೆಯ ಸುತ್ತ ಸ್ವಲ್ಪ ಜಾಸ್ತಿ ಹಾಕಿ. ಬೆರಳು ಮಡಚುವ ಜಾಗದಲ್ಲಿ ಮಾತ್ರ ಹೆಸರಿಗಷ್ಟೇ ಇರಲಿ, ಅಲ್ಲಿ ದಪ್ಪ ಮೇಣ ಬಿರಿದು ಬಿಳಿ ಗೆರೆ ಬೀಳುತ್ತದೆ. ಸ್ಪಾಂಜು ತಲೆಯ ಸೀಸೆ ಪಾಲಿಶ್ ಅವಸರಕ್ಕೆ ಆದೀತು, ಆದರೆ ಅದೇ ಅಭ್ಯಾಸವಾದರೆ ಹೊಳೆಯುವ ಪೊರೆ ಪದರ ಪದರವಾಗಿ ಕೂತು ಸಿಪ್ಪೆ ಏಳುತ್ತದೆ.

ಬ್ಯಾಗಿಗೆ ಬಣ್ಣದ ಮೇಣದ ಪಾಲಿಶ್ ಹಚ್ಚಬೇಡಿ. ಒದ್ದೆ ತೋಳಿಗೆ, ಸೀರೆಗೆ ಬಣ್ಣ ಅಂಟುತ್ತದೆ. ಬಣ್ಣವಿಲ್ಲದ ಕ್ರೀಮು ಮೇ ತಿಂಗಳಲ್ಲೊಮ್ಮೆ, ಆಮೇಲೆ ಮಳೆಗೆ ಸ್ಪ್ರೇ. ನೀರು ತಡೆಯುವ ಸ್ಪ್ರೇ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥಲ್ಲಿ. ಮಖಮಲ್ಲಿನಂಥ ಸ್ವೀಡ್ ಚರ್ಮಕ್ಕಂತೂ ಕ್ರೀಮೂ ಸಲ್ಲದು, ಮೇಣವೂ ಸಲ್ಲದು, ಸ್ಪ್ರೇ ಒಂದೇ ದಾರಿ. ಶುದ್ಧವಾಗಿ ಒರೆಸಿ, ಪೂರ್ತಿ ಒಣಗಿದ ಚರ್ಮಕ್ಕೆ ಒಂದು ಗೇಣು ದೂರದಿಂದ ತೆಳುವಾಗಿ ಹೊಡೆದು, ಒಣಗಿದ ಮೇಲೆ ಇನ್ನೊಂದು ಕೈ ಹೊಡೆಯಿರಿ. ಜಗುಲಿಯಲ್ಲೋ ಅಂಗಳದಲ್ಲೋ ನಿಂತು ಹೊಡೆಯಬೇಕು, ಒಲೆ, ದೀಪ ಹತ್ತಿರ ಇರಬಾರದು, ಅದರ ಹಬೆ ಉಸಿರಿಗೂ ಒಳ್ಳೆಯದಲ್ಲ. ನೀರಿನ ಹನಿ ಮುತ್ತಿನ ಹಾಗೆ ನಿಲ್ಲುವುದು ಬಿಟ್ಟು ಹರಡತೊಡಗಿದರೆ ಸ್ಪ್ರೇ ತೀರಿದೆ ಎಂದು ತಿಳಿಯಬಹುದು. ಸಿಲಿಕೋನ್ ಇರುವ ಸ್ಪ್ರೇ ಹೊಡೆದ ಶೂ ಮೇಲೆ ಆಮೇಲೆ ಪಾಲಿಶ್ ಸರಿಯಾಗಿ ಹಿಡಿಯುವುದಿಲ್ಲ. ಪಾಲಿಶ್ ಹಾಕುವ ಶೂಗೆ ಮೇಣವೇ ಇರಲಿ.

ಇಷ್ಟಾದರೂ ಶೂ ನೆನೆಯುತ್ತದೆ. ಶಿವಮೊಗ್ಗದ ಬಸ್‌ಸ್ಟ್ಯಾಂಡಿನಿಂದ ಕಚೇರಿಗೆ ನಡೆಯುವಷ್ಟರಲ್ಲಿ ಕಪ್ಪು ಶೂ ಒಳಗೂ ಹೊರಗೂ ತೊಯ್ದುಹೋಯಿತು ಎಂದಿಟ್ಟುಕೊಳ್ಳಿ. ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಕೆಸರು ಒರೆಸಿ, ಲೇಸು ಬಿಚ್ಚಿ, ಒಳಗಿನ ಹಾಸು ಎಳೆದು ಬರುವುದಾದರೆ ಬೇರೆ ಒಣಗಿಸಿ. ಹಳೆಯ ಪತ್ರಿಕೆ ಉಂಡೆ ಮಾಡಿ ತುದಿಯವರೆಗೂ ತುರುಕಿ. ತಿಳಿ ಬಣ್ಣದ ಶೂ ಆದರೆ ಬರೆಯದ ಬಿಳಿ ಕಾಗದ, ಇಲ್ಲದಿದ್ದರೆ ಮಸಿ ಇಳಿಯುತ್ತದೆ. ಗಂಟೆಗೊಮ್ಮೆ ಎರಡು ಮೂರು ಸಲ ಕಾಗದ ಬದಲಿಸಲೇಬೇಕು, ಒದ್ದೆ ಕಾಗದ ಹಾಗೇ ಉಳಿದರೆ ತುರುಕದೆ ಇದ್ದದ್ದೇ ಮೇಲು. ಅಟ್ಟೆಗೂ ಗಾಳಿ ತಾಗುವಂತೆ ಶೂವನ್ನು ಮಗ್ಗುಲಾಗಿ ಮಲಗಿಸಿ ಫ್ಯಾನಿನ ಕೆಳಗಿಡಿ.

ಬಚ್ಚಲ ಒಲೆಯ ಪಕ್ಕ ಇಡುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ತಡೆಯಿರಿ. ಒದ್ದೆ ಚರ್ಮ ಶಾಖಕ್ಕೆ ಕುಗ್ಗಿ ಬಿರುಸಾದರೆ ಯಾವ ಕ್ರೀಮೂ ಅದನ್ನು ಮೊದಲಿನಂತೆ ಮಾಡಲಾರದು, ಅಟ್ಟೆಯ ಅಂಟೂ ಬಿಡುತ್ತದೆ. ಜಿಟಿಜಿಟಿ ಮಳೆಯಲ್ಲಿ ಶೂ ಒಣಗಲು ಎರಡು ಮೂರು ದಿನ ಹಿಡಿಯುತ್ತದೆ. ಹಾಗಾಗಿ ಮಳೆಗಾಲಕ್ಕೆ ಎರಡು ಜೊತೆ ಇಟ್ಟುಕೊಂಡು ಬದಲಿಸುತ್ತಾ ಹಾಕಿಕೊಳ್ಳುವುದು ಖರ್ಚಿನ ಲೆಕ್ಕದಲ್ಲೂ ಲಾಭ. ಒಳಗೆ ಕೈ ಹಾಕಿದಾಗ ತಣ್ಣಗೆ ಅನ್ನಿಸಿದರೆ ಇನ್ನೂ ತೇವವಿದೆ, ಪಾಲಿಶ್ ಹಾಕಬೇಡಿ. ನೆನೆದು ಒಣಗಿದ ಶೂ ಬಿರುಸಾಗಿದ್ದರೆ ಮಾತ್ರ ಮಳೆಗಾಲದಲ್ಲೂ ಒಂದು ಸಲ, ತೀರಾ ತೆಳುವಾಗಿ ಕ್ರೀಮು ಹಚ್ಚಬಹುದು, ಅದರ ಮೇಲೆ ಮೇಣ.

ಬೀರುವಿನಿಂದ ತೆಗೆದ ಬ್ಯಾಗಿನ ಮೇಲೆ ಬಿಳಿ ಕಂಡರೆ ಅದೆಲ್ಲ ಬೂಷ್ಟೇ ಆಗಿರಬೇಕಿಲ್ಲ. ಕೆಲವೊಮ್ಮೆ ಚರ್ಮದೊಳಗಿನ ಕೊಬ್ಬೇ ಮೇಲೆ ಬಂದು ಬಿಳಿ ಪುಡಿಯಂತೆ ಕೂರುತ್ತದೆ. ಹೇರ್ ಡ್ರೈಯರಿನ ಉಗುರುಬೆಚ್ಚಗಿನ ಗಾಳಿ ಹಿಡಿದು ನೋಡಿ. ಕೊಬ್ಬಾದರೆ ಕರಗಿ ಮಾಯವಾಗುತ್ತದೆ, ಬಟ್ಟೆಯಲ್ಲಿ ಉಜ್ಜಿದರೆ ಮುಗಿಯಿತು. ಬೂಷ್ಟು ಕರಗುವುದಿಲ್ಲ, ನವಿರಾದ ಕೂದಲಿನಂತೆ ಎದ್ದಿರುತ್ತದೆ, ಮುಗ್ಗಲು ವಾಸನೆ ಇರುತ್ತದೆ. ಅದನ್ನು ಮನೆಯೊಳಗೆ ಕೊಡವಬೇಡಿ, ಬೀಜಗಳು ಹಾರಿ ಪಕ್ಕದ ಬಟ್ಟೆಗೂ ಕೂರುತ್ತವೆ. ಮಳೆ ಹೊಳವಾದಾಗ ಅಂಗಳಕ್ಕೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿ, ಒಣ ಬ್ರಶ್ಶಿನಲ್ಲಿ ಉಜ್ಜಿ. ಆಮೇಲೆ ಸರ್ಜಿಕಲ್ ಸ್ಪಿರಿಟ್ಟಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಸ್ಪಿರಿಟ್ಟು ಬಣ್ಣ ಕೀಳಬಹುದು, ತಳದ ಮೂಲೆಯಲ್ಲಿ ಮೊದಲು ಪರೀಕ್ಷಿಸಿಕೊಳ್ಳಿ. ಬಟ್ಟೆಯ ಒಳಪದರ ಹೊರಗೆ ಎಳೆದು ಅದನ್ನೂ ಒರೆಸಬೇಕು, ಬೂಷ್ಟು ಮತ್ತೆ ಮತ್ತೆ ಬರುವುದು ಹೆಚ್ಚಾಗಿ ಅಲ್ಲಿಂದಲೇ.

ಇಡುವಾಗ ಪ್ಲಾಸ್ಟಿಕ್ ಕವರು ಬೇಡ. ಹಳೆಯ ಹತ್ತಿ ದಿಂಬಿನ ಚೀಲ ಒಳ್ಳೆಯದು. ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಥಂಡಿ ಹೆಚ್ಚು, ಒಳಗೋಡೆಯ ಕಡೆ, ಮೇಲಿನ ಅರೆಯಲ್ಲಿಡಿ. ಸಿಲಿಕಾ ಜೆಲ್ ಬಳಸುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಷ್ಟೇ ಅದಕ್ಕೆ ಬೆಲೆ, ದಿನಕ್ಕೆ ಹತ್ತು ಸಲ ತೆರೆಯುವ ಬೀರುವಿನಲ್ಲಿ ಅದು ಎರಡೇ ದಿನದಲ್ಲಿ ತುಂಬಿಹೋಗುತ್ತದೆ. ಪೂರ್ತಿ ಒಣಗಿದ ಬ್ಯಾಗಿನ ಜೊತೆ ಸುಮಾರು 100 ಗ್ರಾಂ ಜೆಲ್ ಬಟ್ಟೆಯಲ್ಲಿ ಕಟ್ಟಿ ಇಡಿ. ಕಿತ್ತಳೆ ಬಣ್ಣದ ಕಾಳು ಹಸಿರಾದರೆ ತೇವ ಕುಡಿದಿದೆ ಎಂದರ್ಥ, ಒವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ.