ತೆಳು ಗುಲಾಬಿಯನ್ನು ಎಲ್ಲಿ ನಿಲ್ಲಿಸಬೇಕು? ಹಾಲಿನ ಆ್ಯಸಿಡಿಟಿ, ನನ್ನ ಅನುಭವ

ನಾನು ಗೋಕಾಕದವನು. ಪುಣೆ ಕಡೆ ಬಂದು ಹದಿನಾಲ್ಕು ವರ್ಷ ಆಯ್ತು. ದೌಂಡ್ ಹತ್ತಿರ ಒಂದು ಸಣ್ಣ ಚಿಲ್ಲಿಂಗ್ ಸೆಂಟರಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ದಿನಕ್ಕೆ ಹೆಚ್ಚುಕಡಿಮೆ 8,000 ಲೀಟರ್ ಹಾಲು, ಅರ್ಧ ಹಸು, ಅರ್ಧ ಎಮ್ಮೆ. ಆ್ಯಸಿಡಿಟಿ ನೋಡುವುದನ್ನು ನಿಮಗೆ ಹೇಳಿಕೊಡಲು ಇದನ್ನು ಬರೆಯುತ್ತಿಲ್ಲ, ಅದು ನಿಮಗೂ ಗೊತ್ತು. ಹಾಲಿಗೆ ಫಿನಾಲ್ಫ್ಥಲೀನ್ ಇಂಡಿಕೇಟರ್ ಹಾಕಿ ಬ್ಯೂರೆಟ್ಟಿನಿಂದ ಕಾಸ್ಟಿಕ್ ಇಳಿಸುವಾಗ ಗುಲಾಬಿ ಬಂತು ಅಂತ ಯಾವಾಗ ಹೇಳಬೇಕು ಅನ್ನುವ ಒಂದೇ ವಿಷಯಕ್ಕೆ ನಾನು ಕಳೆದುಕೊಂಡ ದುಡ್ಡು, ಕೇಳಿಸಿಕೊಂಡ ಮಾತು, ಆಮೇಲೆ ಅದನ್ನು ಸರಿಮಾಡಿದ್ದು, ಇಷ್ಟೇ ಕಥೆ.

ಎರಡು ಬೇಸಿಗೆ ಹಿಂದೆ ನಮ್ಮ ಟ್ಯಾಂಕರ್ ವಾಪಸ್ ಬಂತು. ನಮ್ಮಲ್ಲಿ ಆ್ಯಸಿಡಿಟಿ ಶೇಕಡಾ 0.14 ಇದ್ದ ಹಾಲು ಕೊಳ್ಳುವ ಪ್ಲಾಂಟಿನಲ್ಲಿ 0.16 ಆಗಿತ್ತು. ಅವರ ಮಿತಿ 0.15. ನಾನು ಅದೇ ಸ್ಯಾಂಪಲ್ ತೆಗೆದು ಟೆಸ್ಟ್ ಟ್ಯೂಬಿನಲ್ಲಿ ಕುದಿಸಿದೆ, ಒಡೆಯಲಿಲ್ಲ. ಆಲ್ಕೋಹಾಲ್ ಟೆಸ್ಟ್ ಕೂಡ ಪಾಸ್. ಆದರೂ ಗಾಡಿ ವಾಪಸ್. ಸುಮಾರು 4,500 ಲೀಟರ್ ಹಾಲನ್ನು ಖೋವಾ ಮಾಡುವವರಿಗೆ ಲೀಟರಿಗೆ ಒಂಬತ್ತೋ ಹತ್ತೋ ರೂಪಾಯಿ ಕಡಿಮೆಗೆ ಕೊಟ್ಟೆವು. ಡೀಸೆಲ್ ಸೇರಿಸಿದರೆ 45 ಸಾವಿರ ಹೋಯ್ತು. ಅದೇ ಬೇಸಿಗೆಯಲ್ಲಿ ಇನ್ನೂ ಎರಡು ಸಲ ಹೀಗೇ ಆಯ್ತು. ಮೂರನೇ ಸಲ ಮಾಲೀಕರು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಮೊದಲು ನಾನು ಕಾಸ್ಟಿಕ್ ಮೇಲೆ ಅನುಮಾನಪಟ್ಟೆ. ನಮ್ಮ ಎನ್ ಬೈ 10 ಸೋಡಿಯಂ ಹೈಡ್ರಾಕ್ಸೈಡ್ ಅರ್ಧ ಖಾಲಿಯಾದ ಪ್ಲಾಸ್ಟಿಕ್ ಕ್ಯಾನಿನಲ್ಲಿ, ಬಿರಡೆ ಸಡಿಲವಾಗಿ, ಹದಿನೈದು ದಿನದಿಂದ ಕೂತಿತ್ತು. ಆಕ್ಸಾಲಿಕ್ ಆ್ಯಸಿಡ್ ಹಿಡಿದು ನೋಡಿದರೆ 0.1 ಇರಬೇಕಾದದ್ದು 0.094 ಬಂತು. ಗಾಳಿಯ ಇಂಗಾಲದ ಡೈಆಕ್ಸೈಡ್ ತಿಂದು ಕಾಸ್ಟಿಕ್ ದುರ್ಬಲ ಆಗಿತ್ತು. ಅದು ದುರ್ಬಲ ಆದರೆ ಬ್ಯೂರೆಟ್ ಜಾಸ್ತಿ ಇಳಿಯುತ್ತೆ, ಅಂದರೆ ನಮ್ಮ ರೀಡಿಂಗ್ ನಿಜಕ್ಕಿಂತ ಮೇಲೆ ಇರಬೇಕು. ಆದರೆ ನಮ್ಮದು ಅವರದಕ್ಕಿಂತ ಕೆಳಗಿತ್ತು! ಸರಿಮಾಡಿದ ಮೇಲೆ ಜಗಳ ಇನ್ನೂ ದೊಡ್ಡದಾಯ್ತು ಅಂದರೆ ನಗಬೇಡಿ.

ಆಮೇಲೆ ಒಂದು ಬೆಳಿಗ್ಗೆ ನಾನು ಮತ್ತು ನಮ್ಮ ಲ್ಯಾಬ್ ಹುಡುಗ, ಅವನು ಅಥಣಿ ಕಡೆಯವನು, ಒಂದೇ ಕ್ಯಾನಿನ ಹಾಲನ್ನು ಒಂದೇ ಬ್ಯೂರೆಟ್ಟಿನಲ್ಲಿ ಮಾಡಿದೆವು. ನನಗೆ 1.5 ಮಿ.ಲೀ. ಅವನಿಗೆ 1.8. ಹತ್ತು ಮಿ.ಲೀ. ಹಾಲಿಗೆ ಎನ್ ಬೈ 10 ಆದರೆ 0.09ರಿಂದ ಗುಣಿಸುತ್ತೇವಲ್ವಾ, ಅಂದರೆ ನಂದು 0.135, ಅವನದು 0.162. ಹಾಲು ಕೊಳ್ಳುವುದು, ಬಿಡುವುದು ಇದರ ಮೇಲೆ ನಿಂತಿದೆ. ಮೂರು ಹತ್ತಾಂಶ ಮಿ.ಲೀ. ಅಂದರೆ ಸುಮಾರು ಆರು ಹನಿ. ಅವನು ಹೇಳಿದ್ದು, "ಅಣ್ಣಾ, ಗುಲಾಬಿ ಕಾಣ್ಲಿಲ್ಲ, ಅದಕ್ಕ ಇನ್ನೊಂದೆರಡು ಹನಿ ಹಾಕಿದೆ." ನಾನು ನಿಂತ ಜಾಗದಲ್ಲಿ ನಿಂತಿದ್ದರೂ ಅವನಿಗೆ ಕಾಣಲಿಲ್ಲ. ನನಗೆ ಕಂಡಿತ್ತು, ಅಥವಾ ಕಂಡ ಹಾಗೆ ಅನಿಸಿತ್ತು. ಯಾರು ಸರಿ?

ಇಲ್ಲಿ ಕೆಲವರು ಹೇಳುವುದು, ಗುಲಾಬಿ ಅರ್ಧ ನಿಮಿಷ ನಿಂತರೆ ಎಂಡ್ ಪಾಯಿಂಟ್ ಅಂತ. ನೀರಿನಂತಹ ಆ್ಯಸಿಡ್‌ಗೆ ಅದು ಸರಿ. ಹಾಲಿಗೆ ಹೊಂದಲ್ಲ. ಹಾಲಿನಲ್ಲಿ ಕಾಸ್ಟಿಕ್ ಹಾಕಿ ಸುಮ್ನೆ ನಿಂತರೆ ಕ್ಯಾಲ್ಸಿಯಂ ಫಾಸ್ಫೇಟ್ ಮೆಲ್ಲಗೆ ಕೂಡಿಕೊಂಡು ಹೊಸ ಆ್ಯಸಿಡ್ ಬಿಡುತ್ತಾ ಹೋಗುತ್ತೆ, ಗುಲಾಬಿ ತಾನಾಗಿ ಕರಗುತ್ತೆ. ನಿಂತು ನೋಡುವವನು ಇನ್ನೊಂದು ಹನಿ ಹಾಕುತ್ತಾನೆ. ಅದೂ ಕರಗುತ್ತೆ. ಹೀಗೆ ನಿಧಾನ ಮಾಡುವವನ ರೀಡಿಂಗ್ ಯಾವಾಗಲೂ ಮೇಲೆ. ನಾನು ಒಮ್ಮೆ ಬೇಕಂತಲೇ ಮೂರು ನಿಮಿಷ ತೆಗೆದುಕೊಂಡೆ, ಒಂದೂವರೆ ಬರುವ ಹಾಲು ಒಂದೂ ಮುಕ್ಕಾಲು ಬಂತು. ಈಗ ಶುರುವಿನಿಂದ ಕೊನೆ ತನಕ 20 ಸೆಕೆಂಡಿನಲ್ಲಿ ಮುಗಿಸುತ್ತೇವೆ. ಮೊದಲ ಒಂದು ಮಿ.ಲೀ. ಬೇಗ ಇಳಿಸಿ, ಆಮೇಲೆ ಹನಿ ಹನಿ, ಗಾಜಿನ ಕಡ್ಡಿ ನಿಲ್ಲಿಸದೆ ಕಲಕುತ್ತಾ.

ಬಣ್ಣದ ವಿಷಯಕ್ಕೆ ಬಂದೆ. ಎಷ್ಟು ಗುಲಾಬಿ? ಇದನ್ನು ಎಲ್ಲರಿಗೂ ಒಂದೇ ಮಾಡಲು ನಾನು ಮಾಡಿದ ಹುಚ್ಚಾಟ ಕೇಳಿ. ಮೊದಲು ಹಡಪ್ಸರದ ಪೇಂಟ್ ಅಂಗಡಿಯಿಂದ ಶೇಡ್ ಕಾರ್ಡ್ ತಂದು ಒಂದು ತೆಳು ಗುಲಾಬಿಯನ್ನು ಕತ್ತರಿಸಿ ಬಟ್ಟಲ ಪಕ್ಕ ಅಂಟಿಸಿದೆ. ಎಮ್ಮೆ ಹಾಲಿಗೆ ಹೇಗೋ ಹೊಂದಿತು. ಹಸು ಹಾಲು ಹಳದಿ ಛಾಯೆಯದು, ಅದರಲ್ಲಿ ಗುಲಾಬಿ ಬಿದ್ದರೆ ಕಿತ್ತಳೆ ಕಡೆಗೆ ತಿರುಗುತ್ತೆ, ಕಾರ್ಡಿನ ಬಣ್ಣ ಬರಬೇಕೆಂದರೆ ಇನ್ನೂ ಐದಾರು ಹನಿ ಬೇಕು. ಕಾರ್ಡ್ ಕಸದಬುಟ್ಟಿಗೆ. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದೆ. ಫೋನ್ ಬೆಳಕನ್ನು ತಾನೇ ಸರಿಮಾಡಿಕೊಂಡು ತೆಳು ಗುಲಾಬಿಯನ್ನು ಬಿಳಿ ಮಾಡಿಬಿಡುತ್ತೆ. ಅದೂ ಹೋಯ್ತು. ಮಾಲೀಕರಿಗೆ ಆಟೋ ಟೈಟ್ರೇಟರ್ ಕೇಳಿದೆ, ಕೊಟೇಶನ್ ಮೂರು ಲಕ್ಷದ ಮೇಲೆ ಬಂತು, ಅವರು ಚಹಾ ಕುಡಿಸಿ ಕಳಿಸಿದರು.

ಕೊನೆಗೆ ಕೆಲಸ ಕೊಟ್ಟಿದ್ದು ಹಳೆ ಪುಸ್ತಕದ ಮಾತು. ಹಾಲಿನ ಟೆಸ್ಟುಗಳ ಭಾರತೀಯ ಮಾನಕ ಐಎಸ್ 1479 ಇದೆಯಲ್ವಾ, 1960ರದ್ದು, ಅದರಲ್ಲೇ ಇದೆ, ಎಲ್ಲರೂ ಹಾರಿಸಿಬಿಡುವ ಸಾಲು. ಒಂದೇ ಹಾಲನ್ನು ಎರಡು ಬಿಳಿ ಪಿಂಗಾಣಿ ಬಟ್ಟಲಲ್ಲಿ ಹತ್ತು ಹತ್ತು ಮಿ.ಲೀ. ಹಾಕಿ, ಎರಡಕ್ಕೂ ಕುದಿಸಿ ಆರಿಸಿದ ನೀರು ಹತ್ತು ಹತ್ತು. ಒಂದಕ್ಕೆ ರೋಸಾನಿಲೀನ್ ಅಸಿಟೇಟ್ ಬೆಂಚ್ ದ್ರಾವಣ ಒಂದು ಮಿ.ಲೀ., ಇನ್ನೊಂದಕ್ಕೆ ಫಿನಾಲ್ಫ್ಥಲೀನ್ ಒಂದು ಮಿ.ಲೀ. ಮೊದಲ ಬಟ್ಟಲು ಗುಲಾಬಿಯಾಗಿ ಸುಮ್ನೆ ಕೂತಿರುತ್ತೆ. ಎರಡನೆಯದಕ್ಕೆ ಕಾಸ್ಟಿಕ್ ಬಿಡುತ್ತಾ ಹೋಗಿ, ಎರಡೂ ಒಂದೇ ಬಣ್ಣ ಆದ ಕ್ಷಣ ನಿಲ್ಲಿಸಬೇಕು. ಅಷ್ಟೇ. ಗುಲಾಬಿ ಬಂತೇ ಅನ್ನುವ ಪ್ರಶ್ನೆಯೇ ಇಲ್ಲ, ಹೊಂದಿತೇ ಅನ್ನುವುದಷ್ಟೇ. ಅದೇ ಹಾಲು, ಅದೇ ಹಳದಿ, ಅದೇ ನೀರು, ಅದೇ ಬೆಳಕು. ಶೇಡ್ ಕಾರ್ಡ್ ಯಾಕೆ ಕೈಕೊಟ್ಟಿತು ಅಂತ ಆಗ ಅರ್ಥವಾಯ್ತು.

ರೋಸಾನಿಲೀನ್ ಸಿಗುವುದೇ ಕಷ್ಟ. ಪೇಠೆಯ ಅಂಗಡಿಯವನು ಮೂರು ವಾರ ಕಾಯಿಸಿದ. ಆದರೆ ಸ್ಟಾಕ್ ದ್ರಾವಣಕ್ಕೆ 0.12 ಗ್ರಾಂ ಸಾಕು, ಸ್ವಲ್ಪ ಅಸಿಟಿಕ್ ಆ್ಯಸಿಡ್ ಸೇರಿಸಿದ ಸ್ಪಿರಿಟ್‌ನಲ್ಲಿ ನೂರು ಮಿ.ಲೀ. ಮಾಡಿ, ಅದರಲ್ಲಿ ಒಂದು ಮಿ.ಲೀ. ತೆಗೆದು ಸ್ಪಿರಿಟ್, ನೀರು ಸಮವಾಗಿ ಸೇರಿಸಿದ ಮಿಶ್ರಣದಿಂದ ಅರ್ಧ ಲೀಟರ್ ಮಾಡಿದರೆ ಬೆಂಚ್ ದ್ರಾವಣ. ಒಂದು ಸಣ್ಣ ಬಾಟಲಿ ನಮ್ಮ ಜನ್ಮಕ್ಕೆ ಸಾಕು. ಕಂದು ಬಾಟಲಿಯಲ್ಲಿ, ಕತ್ತಲಲ್ಲಿ ಇಡಿ, ಬೆಳಕಿಗೆ ಬಣ್ಣ ಇಳಿಯುತ್ತೆ. ಇಳಿದದ್ದನ್ನು ನಾನು ಹೇಗೆ ಪತ್ತೆ ಹಚ್ಚುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಬಟ್ಟಲುಗಳ ಹಿಂದೆ ಏನು ನಿಲ್ಲಿಸುತ್ತೇನೆ ಅನ್ನುವುದನ್ನೂ ಇಲ್ಲ. ಅಷ್ಟನ್ನಾದರೂ ನಾನು ಇಟ್ಟುಕೊಳ್ಳಬೇಕಲ್ವಾ.

ಹಳೆ ಕಾಕಾ ಒಬ್ಬರಿದ್ದಾರೆ, ಮೂವತ್ತು ವರ್ಷದ ಅನುಭವ. ಎರಡು ಬಟ್ಟಲು ನೋಡಿ ಮರಾಠಿಯಲ್ಲಿ ಬೈದರು. "ನನ್ನ ಕಣ್ಣೇ ಸಾಕು ಮಾರಾಯ, ಎರಡು ಪಟ್ಟು ಬಟ್ಟಲು ತೊಳೆಯುವ ಕೆಲಸ ಯಾರಿಗೆ ಬೇಕು?" ಅವರ ಕಣ್ಣೇನೋ ಒಳ್ಳೆಯದೇ. ನಾನು ಏನೂ ಹೇಳದೆ ಒಂದೇ ಹಾಲನ್ನು ಆರು ಬಟ್ಟಲಲ್ಲಿ ಹಾಕಿ, ಬೇರೆ ಬೇರೆ ಸ್ಯಾಂಪಲ್ ಅಂದೆ. ಬೆಳಿಗ್ಗೆ ಐದೂವರೆಗೆ ಶೆಡ್ಡಿನ ಹಳದಿ ಬಲ್ಬಿನ ಕೆಳಗೆ ಮೂರು, ಬಿಸಿಲು ಬಂದ ಮೇಲೆ ಕಿಟಕಿ ಹತ್ತಿರ ಮೂರು. ಬಲ್ಬಿನ ಕೆಳಗೆ ಅವರ ರೀಡಿಂಗ್ ಸರಾಸರಿ ಎರಡು ಹತ್ತಾಂಶ ಮೇಲೆ ಬಂತು. ಹಳದಿ ಬೆಳಕಿನಲ್ಲಿ ತೆಳು ಗುಲಾಬಿ ಕಾಣುವುದು ಕಷ್ಟ, ಅವರ ತಪ್ಪಲ್ಲ. ಅವತ್ತಿನಿಂದ ಕಾಕಾ ಬಟ್ಟಲು ತಾವೇ ತೊಳೆಯುತ್ತಾರೆ. ಬಿಳಿ ಟ್ಯೂಬ್‌ಲೈಟಿಗೆ 300 ರೂಪಾಯಿ ಖರ್ಚಾಯ್ತು.

ಅಥಣಿ ಹುಡುಗನದು ಮಾತ್ರ ಸರಿಹೋಗಲಿಲ್ಲ. ಎರಡು ಬಟ್ಟಲಿಟ್ಟರೂ ಅವನು ಒಂದು ಹತ್ತಾಂಶ ತಡವಾಗಿ ನಿಲ್ಲಿಸುತ್ತಿದ್ದ. ಅಜಾಗರೂಕತೆ ಅಂತ ಎರಡು ಸಲ ಬೈದೆ, ಈಗ ಬೇಸರವಾಗುತ್ತೆ. ಕಣ್ಣಿನ ಡಾಕ್ಟರ್ ಚುಕ್ಕೆ ಪುಸ್ತಕ ತೋರಿಸಿದಾಗ ಗೊತ್ತಾಯ್ತು, ಕೆಂಪು ಹಸಿರಿನಲ್ಲಿ ಅವನಿಗೆ ಸ್ವಲ್ಪ ಕಷ್ಟ. ಅವನನ್ನು ಹಾಲಿನ ಕೊಬ್ಬು ಅಳೆಯುವ ಗರ್ಬರ್ ಟೆಸ್ಟಿಗೆ ಹಾಕಿದೆ, ಅದರಲ್ಲಿ ನನಗಿಂತ ಚುರುಕು.

ಈಗ ಆ ಪ್ಲಾಂಟಿನ ಕಥೆ. ಬಟ್ಟಲು, ರೋಸಾನಿಲೀನ್, ನಮ್ಮ ಫಿನಾಲ್ಫ್ಥಲೀನ್ ಎಲ್ಲ ಚೀಲದಲ್ಲಿ ಹಾಕಿಕೊಂಡು ಟ್ಯಾಂಕರಿನಲ್ಲೇ ಹೋದೆ. ಅವರ ಲ್ಯಾಬಿನಲ್ಲಿ ಅದೇ ಹಾಲು ಅವರ ಹಾಗೆ ಮಾಡಿದರು. ನೀರು ಹಾಕಲಿಲ್ಲ. ಇಂಡಿಕೇಟರ್ ಮೂರು ಹನಿ. 1.85 ಬಂತು. ನಾನು ಒಂದೊಂದನ್ನೇ ಬದಲಾಯಿಸಿ ತೋರಿಸಿದೆ. ಹಾಲಿಗೆ ಸಮ ನೀರು ಹಾಕಿದರೆ 1.7. ನೀರು ಹಾಕಿದಾಗ ಫಾಸ್ಫೇಟ್ ಸಮತೋಲ ತಿರುಗಿ ಆ್ಯಸಿಡಿಟಿ ಇಳಿಯುತ್ತೆ. ಅದು ಹಾಲಿನ ಗುಣ, ಲೆಕ್ಕದ ತಪ್ಪಲ್ಲ. ಹಾಗಾಗಿ ನೀರು ಹಾಕಿದವನೂ ಹಾಕದವನೂ ಒಂದೇ ಮಿತಿ ಹಿಡಿದು ಜಗಳವಾಡಿದರೆ ಮುಗಿಯುವುದೇ ಇಲ್ಲ. ಆಮೇಲೆ ಮೂರು ಹನಿಯ ಬದಲು ಇಂಡಿಕೇಟರ್ ಒಂದು ಮಿ.ಲೀ. ಪಿಪೆಟ್ಟಿನಲ್ಲಿ ಹಾಕಿದೆ, 1.6 ಆಯ್ತು. ಫಿನಾಲ್ಫ್ಥಲೀನ್‌ಗೆ ಒಂದೇ ಬಣ್ಣ, ಅದು ಕಡಿಮೆ ಇದ್ದರೆ ಅದೇ ಗುಲಾಬಿ ಕಾಣಲು ಪಿಎಚ್ ಇನ್ನೂ ಮೇಲೆ ಹೋಗಬೇಕು, ಅಂದರೆ ಹನಿ ಜಾಸ್ತಿ. ಕೊನೆಗೆ ರೋಸಾನಿಲೀನ್ ಬಟ್ಟಲು ಪಕ್ಕದಲ್ಲಿಟ್ಟು ಅವರ ಹುಡುಗಿಯೇ ಮಾಡಿದಳು. 1.55. ಗುಣಿಸಿದರೆ 0.14.

ಅವರ ಇನ್‌ಚಾರ್ಜ್ ಎರಡು ನಿಮಿಷ ಸುಮ್ಮನಿದ್ದು, "ಈ ಬಣ್ಣದ ಬಾಟಲಿ ಎಲ್ಲಿ ಸಿಗುತ್ತೆ?" ಅಂತ ಕೇಳಿದರು. ಈಗ ಎರಡೂ ಕಡೆ ಒಂದೇ ಬೆಂಚ್ ದ್ರಾವಣ. ನಾನೇ ಮಾಡಿ ಕಳಿಸುತ್ತೇನೆ. ಆಮೇಲೆ ಆ್ಯಸಿಡಿಟಿಗೆ ಒಂದೇ ಒಂದು ಟ್ಯಾಂಕರ್ ವಾಪಸ್ ಬಂದಿದೆ. ಅವತ್ತು ನಮ್ಮ ಕೂಲರಿನ ಕಂಪ್ರೆಸರ್ ರಾತ್ರಿ ನಿಂತುಹೋಗಿತ್ತು. ಹಾಲು ನಿಜಕ್ಕೂ ಹುಳಿಯಾಗಿತ್ತು. ಎರಡೂ ಕಡೆ 0.18.